ನಾಲ್ಕು ಊರುಗಳ ಹೆಸರು, ಒಂದು ಶಾಲೆಯ ಜಾಲತಾಣ

ಶಾಲೆಯ ಆಡಳಿತ ಮಂಡಳಿಯ ಮುಂದೆ ಜಾಲತಾಣ ಬದಲಿಸುವ ಪ್ರಸ್ತಾವನೆ ಬಂದಾಗ ಮಾತು ಶುರುವಾಗುವುದು ಸಾಮಾನ್ಯವಾಗಿ ಬಣ್ಣದಿಂದ. ಮುಖಪುಟದಲ್ಲಿ ಕಟ್ಟಡದ ಫೋಟೊ ಇರಲೋ, ಸಂಸ್ಥಾಪಕರದೋ? ಓಡುವ ಅಕ್ಷರದ ಸಾಲು ಬೇಕೋ ಬೇಡವೋ? ಹೊಸ ತಾಣ ಹೇಗೆ ಕಾಣಬೇಕು ಎನ್ನುವುದು ಎಲ್ಲರಿಗೂ ಅರ್ಥವಾಗುವ ವಿಷಯ, ಹಾಗಾಗಿ ಸಭೆಯ ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತದೆ. ಆದರೆ ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ಹಳೆಯ ಕನ್ನಡ ಶಾಲೆಯೊಂದರ ಮಟ್ಟಿಗೆ ಹಣವೂ ಶ್ರಮವೂ ಹೆಚ್ಚು ಬೇಡುವ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ಹಳೆಯ ತಾಣದಲ್ಲಿ ಇರುವ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ, ಕನ್ನಡವೇ ಅಲ್ಲ.

ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಹೆಸರು ಬೇಡ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಿಂದ ಮಕ್ಕಳು ಬರುವ, ವಸತಿನಿಲಯವೂ ಇರುವ ಪ್ರೌಢಶಾಲೆ. ಹತ್ತು ಹದಿನೈದು ವರ್ಷದ ಹಿಂದೆ ಯಾರೋ ಹಳೆಯ ವಿದ್ಯಾರ್ಥಿ ಪ್ರೀತಿಯಿಂದ ಮಾಡಿಕೊಟ್ಟ ತಾಣ ಅದು. ಪ್ರವೇಶದ ನಿಯಮ, ಶುಲ್ಕ, ವಸತಿನಿಲಯದ ಮಾಹಿತಿ, ವರ್ಷವರ್ಷದ ಗ್ಯಾದರಿಂಗಿನ ವರದಿ, ದಾನಿಗಳ ಪಟ್ಟಿ ಎಲ್ಲವೂ ಅದರಲ್ಲಿದೆ. ರಾಮದುರ್ಗದ ಪಾಲಕರೊಬ್ಬರು ತಮ್ಮ ಮೊಬೈಲಿನಲ್ಲಿ ಅದನ್ನು ತೆರೆದರೆ ಕಾಣುವುದು ಹೀಗೆ:

```
gÁªÀÄzÀÄUÀð
```

ಇದು ಅವರ ಊರಿನ ಹೆಸರು. ಮೊಬೈಲು ಕೆಟ್ಟಿಲ್ಲ, ತಾಣಕ್ಕೆ ವೈರಸ್ಸೂ ಬಂದಿಲ್ಲ. ತಾಣದಲ್ಲಿ ಬರೆದಿಟ್ಟದ್ದು ಮೊದಲಿನಿಂದಲೂ ಇದೇ. ಶಾಲೆಯ ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಅದು ‘ರಾಮದುರ್ಗ’ ಎಂದು ಕಾಣುತ್ತದೆ, ಏಕೆಂದರೆ ಅಲ್ಲಿ ನುಡಿ ತಂತ್ರಾಂಶದ ಫಾಂಟ್ ಇದೆ.

ಈ ವಿಚಿತ್ರಕ್ಕೆ ಕಾರಣ ತಿಳಿಯಬೇಕಾದರೆ ತುಸು ಹಿಂದೆ ಹೋಗಬೇಕು. ಆಗಿನ ಫಾಂಟುಗಳಲ್ಲಿ ಒಂದೊಂದು ಚಿಹ್ನೆಗೂ ಒಂದು ಬೈಟ್, ಎಂದರೆ ಒಟ್ಟು 256 ಜಾಗಗಳು. ಅದರಲ್ಲಿ ಬಹುಪಾಲು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲು. ಕನ್ನಡಕ್ಕೆ ತಂತ್ರಾಂಶ ಮಾಡಿದವರು ಆ ಜಾಗಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದರು. g ಇದ್ದಲ್ಲಿ ತಲಕಟ್ಟಿಲ್ಲದ ರಕಾರ, À ಇದ್ದಲ್ಲಿ ತಲಕಟ್ಟು, Ä ಇದ್ದಲ್ಲಿ ಕೊಂಬು. ಹಳೆಯ ಛಾಪಖಾನೆಯಲ್ಲಿ ಮೊಳೆ ಜೋಡಿಸುವವರು ಅಕ್ಷರದ ತುಂಡುಗಳನ್ನು ಪಕ್ಕಪಕ್ಕ ಇಡುತ್ತಿದ್ದಂತೆ, ಈ ಫಾಂಟುಗಳು ತುಂಡುಗಳನ್ನು ಪರದೆಯ ಮೇಲೆ ಸಾಲಾಗಿ ಇಟ್ಟವು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇವೆರಡೂ ಲಕ್ಷಾಂತರ ಜನರ ಕೈಗೆ ಕನ್ನಡ ಕೊಟ್ಟದ್ದು ಈ ಉಪಾಯದಿಂದಲೇ. ವಿಂಡೋಸ್ 98ರ ಕಾಲದಲ್ಲಿ ಬೇರೆ ಸುಲಭದ ದಾರಿ ಇರಲಿಲ್ಲ. ಇಂದು ಅದನ್ನು ಹಳಿಯುವವರು ಅಂದು ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡಬೇಕಾಗಿ ಬಂದಿದ್ದರೆ ಏನು ಮಾಡುತ್ತಿದ್ದರೋ!

ಯೂನಿಕೋಡ್ ಹಿಡಿದ ದಾರಿ ಬೇರೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಜಾಗ ಸಿಕ್ಕಿತ್ತು. ಅಲ್ಲಿ ಸಂಖ್ಯೆ ಸಿಗುವುದು ಆಕಾರಕ್ಕಲ್ಲ, ಅಕ್ಷರಕ್ಕೆ. ‘ರ’ ಎಂಬುದು U+0CB0, ಅದು ಯಾವ ಫಾಂಟಿನಲ್ಲಿದ್ದರೂ, ಒತ್ತಾಗಿ ಕೂತಿದ್ದರೂ, ಅರ್ಕಾವತ್ತಾಗಿ ಪಕ್ಕಕ್ಕೆ ಸರಿದಿದ್ದರೂ ಅದೇ ಸಂಖ್ಯೆ. ಆಕಾರ ಕೊಡುವ ಹೊಣೆ ಪರದೆಯ ಹಿಂದಿನ ತಂತ್ರಾಂಶದ್ದು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟಿನೊಂದಿಗೆ ಈ ಹೊಣೆ ಹೊತ್ತುಕೊಂಡಿತು. ಇವತ್ತಿನ ಮೊಬೈಲುಗಳೆಲ್ಲ ಹೊತ್ತಿವೆ. ಆದರೆ ನುಡಿಯ ತುಂಡುಗಳನ್ನು ಕಂಡರೆ ಮೊಬೈಲಿಗೆ ಅದು ಯುರೋಪಿನ ಯಾವುದೋ ಭಾಷೆಯ ಹಾಗೆ ತೋರುತ್ತದೆ, ಅಷ್ಟೆ. ಹುಡುಕುವ ಯಂತ್ರಗಳ ಕತೆಯೂ ಇದೇ. ‘ಬೈಲಹೊಂಗಲ ವಸತಿ ಶಾಲೆ’ ಎಂದು ಹುಡುಕಿದವರಿಗೆ ಈ ಶಾಲೆ ಸಿಗುವುದಿಲ್ಲ, ಏಕೆಂದರೆ ತಾಣದಲ್ಲಿ ಬೈಲಹೊಂಗಲ ಎಂಬ ಪದವೇ ಇಲ್ಲ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶವೂ ಆ ತುಂಡುಗಳನ್ನೇ ಓದುತ್ತದೆ.

ಆ ಕಾಲದ ಕೆಲವರು ಜಾಣತನದಿಂದ ಫಾಂಟನ್ನೇ ತಾಣದ ಜೊತೆ ಕಳಿಸುವ ಏರ್ಪಾಡು ಮಾಡಿದ್ದರು. ಆ ಬಗೆಯ ಫಾಂಟ್ ಕಡತವನ್ನು ಓದುತ್ತಿದ್ದದ್ದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ. ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿತು. ಮುಖಪುಟದಲ್ಲಿ ಚಿತ್ರಗಳನ್ನು ತಿರುಗಿಸುತ್ತಿದ್ದ ಫ್ಲ್ಯಾಶ್ ಅದಕ್ಕೂ ಮೊದಲೇ, 2020ರ ಕೊನೆಯ ದಿನ, ಬೆಂಬಲ ಕಳೆದುಕೊಂಡಿತ್ತು. ಹೀಗೆ ತಾಣದಲ್ಲಿ ಯಾರೂ ಏನೂ ಮುಟ್ಟದೆ ಇದ್ದರೂ ಅದು ತಾನಾಗಿಯೇ ಹಾಳಾಯಿತು.

ಹಾಗಾಗಿ ಪ್ರಸ್ತಾವನೆಯ ಕಾರ್ಯವ್ಯಾಪ್ತಿಯಲ್ಲಿ ಮೊದಲು ಬರೆಯಬೇಕಾದ ಸಾಲು: ‘ಹಳೆಯ ಫಾಂಟಿನಲ್ಲಿರುವ ಎಲ್ಲ ಪಠ್ಯವನ್ನು ಯೂನಿಕೋಡಿಗೆ ತಂದು, ಮನುಷ್ಯರು ಓದಿ ತಿದ್ದಿದ ಮೇಲೆ ಒಪ್ಪಿಸುವುದು.’ ಹೆಚ್ಚಿನ ಪ್ರಸ್ತಾವನೆಗಳಲ್ಲಿ ಈ ಸಾಲಿನ ಬದಲು ‘ಹಳೆಯ ಮಾಹಿತಿಯ ವರ್ಗಾವಣೆ’ ಎಂದಷ್ಟೇ ಇರುತ್ತದೆ. ವರ್ಗಾವಣೆ ಎಂದರೆ ಆ ತುಂಡುಗಳನ್ನೇ ಹೊಸ ತಾಣಕ್ಕೆ ಅಂಟಿಸಿದರೂ ಆಯಿತು, ಪರಿವರ್ತಕಕ್ಕೆ ಒಮ್ಮೆ ತುಂಬಿ ಬಂದದ್ದನ್ನು ಹಾಗೇ ಇಟ್ಟರೂ ಆಯಿತು. ಎರಡನೆಯದು ಹೆಚ್ಚು ಅಪಾಯ. ಯಾಕೆ ಎನ್ನುವುದನ್ನು ಈ ನಾಲ್ಕು ಊರುಗಳ ಹೆಸರುಗಳೇ ತೋರಿಸಿಕೊಡುತ್ತವೆ.

ನುಡಿಯಲ್ಲಿ ಅವು ಹೀಗಿರುತ್ತವೆ:

```
¨ÉÊ®ºÉÆAUÀ®
QvÀÆÛgÀÄ
¸ÀªÀzÀwÛ
gÁªÀÄzÀÄUÀð
```

ಒಂದು ತುಂಡಿಗೆ ಒಂದು ಯೂನಿಕೋಡ್ ಚಿಹ್ನೆ ಎಂದು ಸಾಲಾಗಿ ಬದಲಿಸುತ್ತ ಹೋಗುವ ಸರಳ ಪರಿವರ್ತಕವನ್ನು ಊಹಿಸಿ. ಸವದತ್ತಿಯಲ್ಲೇ ಅದು ಎಡವುತ್ತದೆ. w ಎಂದರೆ ‘ತಿ’, Û ಎಂದರೆ ತ ಒತ್ತು. ಪರದೆಯ ಮೇಲೆ ಕಣ್ಣಿಗೆ ಮೊದಲು ಗುಡಿಸು ಇರುವ ತಿ, ಆಮೇಲೆ ಕೆಳಗೆ ಒತ್ತು. ಫಾಂಟಿನ ಕ್ರಮವೂ ಅದೇ. ಆದರೆ ಉಚ್ಚಾರದಲ್ಲಿ ಮೊದಲು ತ್, ಆಮೇಲೆ ತ, ಕೊನೆಗೆ ಇಕಾರ. ಯೂನಿಕೋಡ್ ಅನುಸರಿಸುವುದು ಉಚ್ಚಾರದ ಕ್ರಮವನ್ನು. ಹಾಗಾಗಿ ಸರಳ ಪರಿವರ್ತಕದಿಂದ ‘ಸವದತಿ್ತ’ ಹೊರಬರುತ್ತದೆ. ಇದೇ ಕಾರಣಕ್ಕೆ ಕಿತ್ತೂರು ‘ಕಿತೂ್ತರು’ ಆಗುತ್ತದೆ. ಹಳೆಯ ಕಡತಗಳನ್ನು ಅವಸರದಲ್ಲಿ ಯೂನಿಕೋಡಿಗೆ ತಂದ ಕಡೆಯೆಲ್ಲ ಇಂಥ ಒಡೆದ ಒತ್ತುಗಳನ್ನು ನೀವು ನೋಡಿಯೇ ಇರುತ್ತೀರಿ.

ಈ ತಪ್ಪನ್ನು ಹಿಡಿಯುವುದು ಮಾತ್ರ ಸುಲಭ. ಕನ್ನಡದಲ್ಲಿ ಸ್ವರಚಿಹ್ನೆಯಾದ ಮೇಲೆ ಹಲಂತ ಬರುವ ಸಂದರ್ಭವೇ ಇಲ್ಲ. ಆದ್ದರಿಂದ ಇಡೀ ತಾಣದ ಪಠ್ಯದಲ್ಲಿ ಆ ಜೋಡಿಯನ್ನು ಹುಡುಕಿದರೆ ಸಾಕು. ಪೈಥಾನ್ ಬಲ್ಲ ಹುಡುಗರಿಗೆ ಇದು ಒಂದೇ ಸಾಲಿನ ಕೆಲಸ:

```
re.findall('[\u0CBE-\u0CCC]\u0CCD', text)
```

ಉತ್ತರ ಖಾಲಿ ಬಂದರೆ ಒತ್ತುಗಳು ಸರಿಯಾಗಿ ಕೂತಿವೆ ಎಂದು ನಂಬಬಹುದು.

ರಾಮದುರ್ಗಕ್ಕೆ ಈ ಪರೀಕ್ಷೆ ಸಾಲದು. ಅಲ್ಲಿ ಎರಡು ಬಲೆಗಳಿವೆ. ಮೊದಲನೆಯದು ಮಕಾರ. ನುಡಿ ಫಾಂಟಿನಲ್ಲಿ ಮಕಾರಕ್ಕೆ ಸ್ವಂತ ತುಂಡಿಲ್ಲ. ವಕಾರಕ್ಕೆ ಕೊಂಬು ಹಚ್ಚಿ ಅದನ್ನು ಮಾಡುತ್ತಾರೆ, ªÀÄ. ಕೈಬರಹದಲ್ಲೂ ನಾವು ಮಾಡುವುದು ಹೆಚ್ಚುಕಮ್ಮಿ ಅದನ್ನೇ. ಹಾಗಾದರೆ ‘ವು’ ಹೇಗೆ? ಅದಕ್ಕೆ ಬೇರೆಯೇ ಒಂದು ಕೊಂಬನ್ನು ಇಟ್ಟಿದ್ದಾರೆ, ªÀÅ. ಎರಡರ ವ್ಯತ್ಯಾಸ ತಿಳಿದ ಪರಿವರ್ತಕ ಮೊದಲು ಉದ್ದದ ಜೋಡಣೆಯನ್ನು ಹುಡುಕುತ್ತದೆ; ªÀÄ ಪೂರ್ತಿ ಸಿಕ್ಕರೆ ‘ಮ’, ಸಿಗದಿದ್ದರೆ ಮಾತ್ರ ªÀ ತೆಗೆದುಕೊಂಡು ‘ವ’. ತಿಳಿಯದ ಪರಿವರ್ತಕ ಎಲ್ಲ ಮಕಾರವನ್ನೂ ‘ವು’ ಮಾಡಿಬಿಡುತ್ತದೆ. ಎರಡನೆಯ ಬಲೆ ಅರ್ಕಾವತ್ತು. ಬರೆಯುವಾಗ ಅದು ಗಕಾರದ ಬಲಕ್ಕೆ ಬರುತ್ತದೆ, UÀð. ನುಡಿಯುವಾಗ ಗಕಾರಕ್ಕಿಂತ ಮೊದಲು. ಅಂದರೆ ಪರಿವರ್ತಕ ಅದನ್ನು ಎತ್ತಿಕೊಂಡು ಹಿಂದಕ್ಕೆ ಹೋಗಿ ಇಡೀ ಅಕ್ಷರದ ಮುಂದೆ ಇಡಬೇಕು. ಇವೆರಡೂ ತಪ್ಪಿದರೆ ಊರಿನ ಹೆಸರು ‘ರಾವುದುಗರ್’ ಆಗುತ್ತದೆ. ಇದರಲ್ಲಿ ಒಡೆದ ಒತ್ತಿಲ್ಲ, ಮೇಲಿನ ಸಾಲಿನ ಹುಡುಕಾಟಕ್ಕೆ ಏನೂ ಸಿಗುವುದಿಲ್ಲ. ಯಂತ್ರದ ಕಣ್ಣಿಗೆ ಇದು ನೆಟ್ಟಗಿರುವ ಕನ್ನಡ ಪದ. ಇದನ್ನು ಹಿಡಿಯಬಲ್ಲವರು ಕನ್ನಡ ಮಾಸ್ತರರು ಮಾತ್ರ.

ಬೈಲಹೊಂಗಲದ್ದು ಇನ್ನೂ ಸೂಕ್ಷ್ಮ. ಅಲ್ಲಿ ಪರಿವರ್ತನೆ ಕಣ್ಣಿಗೆ ಸರಿಯಾಗಿಯೇ ಕಾಣಬಹುದು. ‘ಹೊ’ ಎಂಬುದನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಹಕಾರದ ಮುಂದೆ ಒಕಾರದ ಒಂದೇ ಚಿಹ್ನೆ ಇಟ್ಟು, ಇಲ್ಲವೆ ಎಕಾರದ ಮತ್ತು ಊಕಾರದ ಎರಡು ಚಿಹ್ನೆ ಇಟ್ಟು. ಎರಡೂ ಸಮಾನ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ‘ಬೈ’ ಕೂಡ ಹಾಗೆಯೇ. ತುಂಡಿಗೆ ತುಂಡು ಬದಲಿಸಿದ ಪಠ್ಯದಲ್ಲಿ ಇರುವುದು ಎರಡನೆಯ ಬಗೆ. ಪಾಲಕರು ಮೊಬೈಲಿನಲ್ಲಿ ಒತ್ತುವುದು ಮೊದಲನೆಯ ಬಗೆ. ದೊಡ್ಡ ಹುಡುಕುಯಂತ್ರಗಳು ಈ ಭೇದವನ್ನು ಸರಿದೂಗಿಸಿಕೊಳ್ಳುತ್ತವೆ. ಶಾಲೆಯ ತಾಣದೊಳಗಿನ ಪುಟ್ಟ ಹುಡುಕುಪೆಟ್ಟಿಗೆ ಅಷ್ಟು ಜಾಣ ಆಗಿರುವುದಿಲ್ಲ. ಬೈಲಹೊಂಗಲ ಎಂಬ ಪದ ಎದುರಿಗೇ ಕಾಣುತ್ತಿದ್ದರೂ ‘ಫಲಿತಾಂಶ ಇಲ್ಲ’ ಎನ್ನುತ್ತದೆ. ಪರಿಹಾರ ಮತ್ತೆ ಒಂದೇ ಸಾಲು:

```
text = unicodedata.normalize('NFC', text)
```

ಇದು ಒಡೆದ ಜೋಡಿಗಳನ್ನೆಲ್ಲ ಒಂದೇ ಚಿಹ್ನೆಗೆ ತರುತ್ತದೆ.

ಆಡಳಿತ ಮಂಡಳಿಯವರು ಕೋಡ್ ಓದಬೇಕಾಗಿಲ್ಲ. ಕೆಲಸ ಒಪ್ಪಿಸುವ ದಿನ ತಾಣದ ಹುಡುಕುಪೆಟ್ಟಿಗೆಯಲ್ಲಿ ನಾಲ್ಕೂ ಹೆಸರುಗಳನ್ನು ತಮ್ಮ ಮೊಬೈಲಿನಿಂದ ಟೈಪ್ ಮಾಡಿ ನೋಡಿದರೆ ಆಯಿತು. ಸವದತ್ತಿ, ಕಿತ್ತೂರು ಸಿಕ್ಕರೆ ಒತ್ತುಗಳು ಸರಿ. ರಾಮದುರ್ಗ ಸಿಕ್ಕರೆ ಮಕಾರವೂ ಅರ್ಕಾವತ್ತೂ ಸರಿ. ಬೈಲಹೊಂಗಲ ಸಿಕ್ಕರೆ ಚಿಹ್ನೆಗಳು ಒಂದೇ ಬಗೆಗೆ ಬಂದಿವೆ. ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆಗೆ ಕಟ್ಟಿಹಾಕುವುದು ಒಳ್ಳೆಯದು.

ಇಷ್ಟಾದರೂ ಪರಿವರ್ತಕವನ್ನು ಇಡೀ ತಾಣದ ಮೇಲೆ ಓಡಿಸಿಬಿಡುವಂತಿಲ್ಲ. ಹಳೆಯ ಪುಟಗಳಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಇರುತ್ತದೆ, ಇಮೇಲ್ ವಿಳಾಸ ಇರುತ್ತದೆ. ನುಡಿಯಲ್ಲಿ M ಎಂದರೆ ‘ಒ’, L ಎಂದರೆ ‘ಐ’, A ಎಂದರೆ ಸೊನ್ನೆ. ಗ್ಯಾದರಿಂಗಿಗೆ ಬಂದಿದ್ದ MLA ಸಾಹೇಬರು ಹೊಸ ತಾಣದಲ್ಲಿ ‘ಒಐಂ’ ಆಗಿಬಿಡುತ್ತಾರೆ. ಅದಕ್ಕೇ ಹಳೆಯ ಪುಟದ ಒಳಗೆ ಫಾಂಟಿನ ಹೆಸರು ಎಲ್ಲೆಲ್ಲಿ ಬರೆದಿದೆ ಎಂದು ನೋಡಿ, `Nudi 01 e` ಎಂದು ಗುರುತಿದ್ದ ಭಾಗವನ್ನಷ್ಟೇ ಬದಲಿಸಬೇಕು. ಶ್ರೀಲಿಪಿಯಂಥ ಬೇರೆ ತಂತ್ರಾಂಶದ ಫಾಂಟುಗಳಲ್ಲಿ ತುಂಡುಗಳ ಜಾಗವೇ ಬೇರೆ. ಅವಕ್ಕೆ ಬೇರೆ ಪಟ್ಟಿ ಬೇಕು. ಮತ್ತೊಂದು ಎಚ್ಚರ: ಯಾರೋ ಒಬ್ಬರು ಹಳೆಯ ಕಡತಗಳನ್ನು ಮೊದಲೇ ಒಂದು ಸಲ ತಪ್ಪಾಗಿ ತೆರೆದು ಉಳಿಸಿದ್ದರೆ, PÀ ಎಂದಿರಬೇಕಾದಲ್ಲಿ PÃ€ ಎಂದು ಕಾಣುತ್ತದೆ. ಹಾಗೆ ಕಂಡರೆ ಕೆಲಸ ನಿಲ್ಲಿಸಿ, ಸರ್ವರಿನಲ್ಲಿರುವ ಮೂಲ ಕಡತವನ್ನೇ ಮತ್ತೆ ತರಿಸಿಕೊಳ್ಳುವುದು ಮೇಲು.

ಪಿಡಿಎಫ್‌ಗಳದ್ದು ಬೇರೆ ಪಂಚಾಯ್ತಿ. ಅವುಗಳೊಳಗೆ ಫಾಂಟು ಸೇರಿಕೊಂಡೇ ಇರುವುದರಿಂದ ಮೊಬೈಲಿನಲ್ಲೂ ಚೆನ್ನಾಗಿ ಕಾಣುತ್ತವೆ, ಆದರೆ ಒಂದು ಸಾಲು ನಕಲಿಸಿ ಅಂಟಿಸಿದರೆ ಅದೇ ತುಂಡುಗಳು. ಎಲ್ಲವನ್ನೂ ಪರಿವರ್ತಿಸಹೋದರೆ ಖರ್ಚಿಗೆ ಕೊನೆಯಿಲ್ಲ. ನನ್ನ ಮಟ್ಟಿಗೆ, ಚಾಲ್ತಿಯಲ್ಲಿರುವ ನಿಯಮ, ಶುಲ್ಕ, ಅರ್ಜಿ ನಮೂನೆ ಇಷ್ಟನ್ನು ಹೊಸದಾಗಿ ಮಾಡಿ, ಉಳಿದವನ್ನು ಇದ್ದ ಹಾಗೇ ಇಟ್ಟು, ಪ್ರತಿಯೊಂದಕ್ಕೂ ಯೂನಿಕೋಡಿನಲ್ಲಿ ಶೀರ್ಷಿಕೆ ಮತ್ತು ಒಂದು ಸಾಲಿನ ವಿವರ ಬರೆದರೆ ಸಾಕು. ಆ ಒಂದು ಸಾಲಿನಿಂದಲೇ ಕಡತ ಹುಡುಕುವವರಿಗೆ ಸಿಗುತ್ತದೆ.

ಹೊಸ ತಾಣಕ್ಕೆ ತರಲೇಬಾರದಂಥವೂ ಕೆಲವಿವೆ. ಮಕ್ಕಳ ಹೆಸರು, ಹುಟ್ಟಿದ ದಿನ, ಜಾತಿ, ತಂದೆಯ ಫೋನ್ ನಂಬರು ಎಲ್ಲ ಇರುವ ವಿದ್ಯಾರ್ಥಿವೇತನದ ಪಟ್ಟಿಗಳು ಹಳೆಯ ಶಾಲಾ ತಾಣಗಳಲ್ಲಿ ಸಲೀಸಾಗಿ ಬಿದ್ದಿರುತ್ತವೆ. ನುಡಿಯಲ್ಲಿದ್ದಷ್ಟು ದಿನ ಅವು ಯಾರ ಹುಡುಕಾಟಕ್ಕೂ ಸಿಗುತ್ತಿರಲಿಲ್ಲ. ಯೂನಿಕೋಡಿಗೆ ಬಂದ ಮರುದಿನವೇ ಸಿಗತೊಡಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಪಾಲಕರ ಒಪ್ಪಿಗೆಯ ಮಾತಾಡುತ್ತದೆ. ಪ್ರೌಢಶಾಲೆಯ ಮಕ್ಕಳೆಲ್ಲ ಅದರೊಳಗೆ ಬಂದರು.

ಹಂತಗಳ ಮಾತಿಗೆ ಬಂದರೆ, ಮೊದಲ ಹಂತದಲ್ಲಿ ಕಂಪ್ಯೂಟರಿನ ಕೆಲಸವೇ ಕಡಿಮೆ. ಡೊಮೈನ್ ಯಾರ ಹೆಸರಲ್ಲಿದೆ, ಅದರ ನವೀಕರಣದ ಪತ್ರ ಯಾರ ಇಮೇಲಿಗೆ ಹೋಗುತ್ತದೆ ಎಂದು ಪತ್ತೆ ಮಾಡಬೇಕು. ಬಹಳ ಸಲ ಅದು ತಾಣ ಮಾಡಿಕೊಟ್ಟವರ ಸ್ವಂತ ಹೆಸರಿನಲ್ಲಿರುತ್ತದೆ, ಅವರು ಈಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಅದು ಶಾಲೆಯ ಹೆಸರಿಗೆ, ಶಾಲೆಯ ಕಚೇರಿಯ ಇಮೇಲಿಗೆ ಬರುವವರೆಗೆ ಮುಂದಿನ ಕೆಲಸಕ್ಕೆ ಹಣ ಹಾಕಬಾರದು. ಜೊತೆಗೆ ಹುಡುಕುಯಂತ್ರದಲ್ಲಿ `site:` ಎಂದು ಬರೆದು, ಜಾಗ ಬಿಡದೆ ತಾಣದ ವಿಳಾಸ ಕೊಟ್ಟು ನೋಡಬೇಕು. ಶಾಲೆ ಬರೆದೇ ಇಲ್ಲದ ಜೂಜಿನ, ಔಷಧಿಯ, ಜಪಾನಿ ಭಾಷೆಯ ಪುಟಗಳು ಸಾಲಾಗಿ ಬಂದರೆ ಹಳೆಯ ಸರ್ವರಿನೊಳಗೆ ಯಾರೋ ಹೊಕ್ಕಿದ್ದಾರೆ ಎಂದರ್ಥ. ಆಗ ಪಠ್ಯ ಮತ್ತು ಚಿತ್ರಗಳನ್ನಷ್ಟೇ ಆರಿಸಿಕೊಂಡು, ಹಳೆಯ ಪ್ರೋಗ್ರಾಂ ಕಡತಗಳನ್ನು ಪೂರ್ತಿ ಬಿಟ್ಟುಬಿಡಬೇಕು. ಇದಕ್ಕೆ ಎರಡು ವಾರ ಬೇಕು, ಬಹುತೇಕ ಕಾಯುವುದರಲ್ಲೇ ಹೋಗುತ್ತದೆ.

ಎರಡನೆಯ ಹಂತ ಪರಿವರ್ತನೆ ಮತ್ತು ಓದು, ನಾಲ್ಕು ವಾರ. ಹೊಸ ಚೌಕಟ್ಟು ಕಟ್ಟುವುದು, ಫೋಟೊಗಳನ್ನು ಸಣ್ಣದು ಮಾಡುವುದು ಮೂರನೆಯದು, ಅದೂ ಹೆಚ್ಚುಕಮ್ಮಿ ಅಷ್ಟೇ. ಕ್ಯಾಮೆರಾದಿಂದ ಬಂದ ಒಂದು ಚಿತ್ರ ನಾಲ್ಕು ಎಂಬಿ ಇದ್ದರೆ ಗ್ಯಾದರಿಂಗಿನ ನಲವತ್ತು ಚಿತ್ರಗಳ ಪುಟ 160 ಎಂಬಿ ಆಗುತ್ತದೆ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಆರೇಳು ಎಂಬಿಯಲ್ಲಿ ಮುಗಿಯುತ್ತದೆ. ಕೊನೆಯ ಹಂತದಲ್ಲಿ ಹಳೆಯ ಪುಟಗಳ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು, ಮತ್ತು ಕಚೇರಿಯ ಗುಮಾಸ್ತರಿಗೆ ಯೂನಿಕೋಡಿನಲ್ಲಿ ಟೈಪ್ ಮಾಡುವ ತರಬೇತಿ. ಇದನ್ನು ಬಿಟ್ಟರೆ ಮುಂದಿನ ಸೋಮವಾರವೇ ನೋಟಿಸ್ ಬೋರ್ಡಿನಲ್ಲಿ ಮತ್ತೆ ನುಡಿಯ ತುಂಡುಗಳು ಕಾಣುತ್ತವೆ. ನುಡಿಯ ಕೀಲಿಮಣೆ ರೂಢಿಯಾದವರು ಅದನ್ನು ಬಿಡಬೇಕಾಗಿಲ್ಲ. ಬೆರಳು ಅದೇ ಕೀಲಿಗಳ ಮೇಲೆ ಓಡಲಿ, ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡರೆ ಆಯಿತು.

ಖರ್ಚಿನ ಲೆಕ್ಕವನ್ನು ಒಂದು ಮಾದರಿಯಾಗಿ ಹಾಕಿ ನೋಡೋಣ. ದರಗಳು ಊಹೆಯವು, ತೆರಿಗೆ ಬೇರೆ; ಗಮನಿಸಬೇಕಾದದ್ದು ಲೆಕ್ಕದ ಬಗೆ. ಕನ್ನಡದ ಪುಟಗಳು 60, ಒಂದೊಂದರಲ್ಲಿ 350 ಪದ ಎಂದರೆ ಒಟ್ಟು 21,000 ಪದ. ಯಂತ್ರಕ್ಕೆ ಇದು ಕೆಲವೇ ಸೆಕೆಂಡುಗಳ ಕೆಲಸ. ಮೂಲದೊಂದಿಗೆ ಹೋಲಿಸಿ ಗಂಟೆಗೆ 1,500 ಪದ ಓದಿದರೆ ಒಬ್ಬರಿಗೆ 14 ಗಂಟೆ, ಇಬ್ಬರು ಓದಿದರೆ 28. ಗಂಟೆಗೆ 250 ರೂಪಾಯಿಯಂತೆ 7,000. ಪಟ್ಟಿ ಮಾಡುವುದು, ಪರಿವರ್ತಕವನ್ನು ಹದಗೊಳಿಸುವುದು, ಚೌಕಟ್ಟು, ತರಬೇತಿ ಎಲ್ಲ ಸೇರಿ 72 ಗಂಟೆ, ಗಂಟೆಗೆ 500ರಂತೆ 36,000. ಅಲ್ಲಿಗೆ 43,000 ರೂಪಾಯಿ.

ಮಂಡಳಿಯವರು ಚೌಕಾಸಿ ಮಾಡುವುದು ಈ ಅಂಕಿಯ ಮೇಲೆ. ನಿರ್ವಹಣೆಯ ಸಾಲು ಕೆಳಗೆ ಚಿಕ್ಕದಾಗಿ ಇರುತ್ತದೆ. ಡೊಮೈನಿಗೆ ವರ್ಷಕ್ಕೆ 1,000, ಹೋಸ್ಟಿಂಗಿಗೆ 4,000 ಎಂದುಕೊಳ್ಳಿ. ಬೀಗದ ಗುರುತಿನ ಪ್ರಮಾಣಪತ್ರಕ್ಕೆ ಹಣ ಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಆದರೆ ಕೆಲವೇ ತಿಂಗಳ ಅವಧಿಗೆ, ಹಾಗಾಗಿ ತಾನೇ ನವೀಕರಣವಾಗುವಂತೆ ಹೊಂದಿಸಿ ಆಗಾಗ ನೋಡುತ್ತಿರಬೇಕು. ತಿಂಗಳಿಗೆ ಎರಡು ಗಂಟೆ ತಂತ್ರಾಂಶದ ಹೊಸ ಆವೃತ್ತಿಗಳನ್ನು ಹಾಕುವುದಕ್ಕೆ, ನಕಲು ಪ್ರತಿ ತೆಗೆಯುವುದಕ್ಕೆ; ವರ್ಷಕ್ಕೆ 12,000. ವರ್ಷಕ್ಕೊಮ್ಮೆ ಆ ನಕಲಿನಿಂದ ತಾಣವನ್ನು ಬೇರೆ ಜಾಗದಲ್ಲಿ ನಿಜವಾಗಿಯೂ ಎಬ್ಬಿಸಿ ನೋಡುವುದಕ್ಕೆ ಮೂರು ಗಂಟೆ, 1,500. ಇದನ್ನು ಯಾರೂ ಮಾಡುವುದಿಲ್ಲ, ಕಡತ ಖಾಲಿಯಾಗಿತ್ತೆಂದು ಗೊತ್ತಾಗುವುದು ಅದು ಬೇಕಾದ ದಿನವೇ. ಒಟ್ಟು 18,500. ಐದು ವರ್ಷಕ್ಕೆ 92,500, ಅಂದರೆ ಕಟ್ಟಿದ ಖರ್ಚಿನ ಎರಡು ಪಟ್ಟಿಗೂ ಹೆಚ್ಚು.

ಇದನ್ನು ಉಳಿಸಲು ಹೋದರೆ ಏನಾಗುತ್ತದೆ? ಡೊಮೈನಿನ ನವೀಕರಣ ತಪ್ಪಿದರೆ ಕೆಲವು ವಾರಗಳ ಅವಕಾಶ ಕಳೆದು ಆ ಹೆಸರು ಯಾರು ಬೇಕಾದರೂ ಕೊಳ್ಳುವಂತಾಗುತ್ತದೆ. ಹಳೆಯ ಶಾಲೆಯ ಹೆಸರಿಗೆ ಹುಡುಕುಯಂತ್ರಗಳಲ್ಲಿ ಗಳಿಸಿಟ್ಟ ಮರ್ಯಾದೆ ಇರುತ್ತದೆ, ಜೂಜಿನ ತಾಣದವರಿಗೆ ಬೇಕಾದದ್ದು ಅದೇ. ಹೀಗಾಗಿ ಡೊಮೈನನ್ನು ಒಂದೊಂದೇ ವರ್ಷಕ್ಕೆ ಕಟ್ಟುವ ಬದಲು ಐದು ವರ್ಷಕ್ಕೆ ಒಮ್ಮೆಲೇ ಕಟ್ಟಿ, ಮುಗಿಯುವ ತಾರೀಖನ್ನು ಹೆಡ್‌ಮಾಸ್ತರರ ಕೋಣೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಮೇಲು. ನಿರ್ವಹಣೆ ಮಾಡುವವರು ಬದಲಾದರೆ ಎಲ್ಲ ಪಾಸ್‌ವರ್ಡುಗಳನ್ನೂ ಇಡೀ ಪಠ್ಯದ ಯೂನಿಕೋಡ್ ಪ್ರತಿಯನ್ನೂ ಏಳು ದಿನದೊಳಗೆ ಶಾಲೆಗೆ ಒಪ್ಪಿಸಬೇಕೆಂಬ ಷರತ್ತನ್ನು ಕರಾರಿಗೆ ಸಹಿ ಹಾಕುವ ಮೊದಲೇ ಸೇರಿಸಿರಬೇಕು.